ಸಹಿ, ಮುದ್ರೆ ಇದ್ದರೆ ಸಾಕೇ? ಫೋಟೋ ನೋಡಿ ಮೂಲಚಿತ್ರವೋ ಪ್ರಿಂಟೋ ತಿಳಿಯುವ ಬಗೆ

ಚಿತ್ರವೊಂದರ ಫೋಟೋ ಕಳಿಸಿ, "ಕೆಳಗೆ ಸಹಿ ಇದೆ, ಪಕ್ಕದಲ್ಲಿ ಮುದ್ರೆಯೂ ಇದೆ, ಹಾಗಾದರೆ ಇದು ಒರಿಜಿನಲ್ ತಾನೆ?" ಎಂದು ಕೇಳುವವರು ಬಹಳ ಮಂದಿ. ಹೀಗೆ ಕೇಳಿದೊಡನೆ ಎಲ್ಲರೂ ಸಹಿ ಯಾರದ್ದೆಂದು ಓದಲು ಹೊರಡುತ್ತಾರೆ. ಆದರೆ ಹೆಸರು ಓದಿದ ಮಾತ್ರಕ್ಕೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮೂಲಚಿತ್ರವನ್ನು ಕ್ಯಾಮೆರಾದಲ್ಲಿ ಹಿಡಿದು ಅಚ್ಚು ಹಾಕಿದಾಗ ಅದರ ಮೇಲಿದ್ದ ಸಹಿ, ಮುದ್ರೆ ಎರಡೂ ಚಿತ್ರದ ಜೊತೆಗೇ ಅಚ್ಚಾಗುತ್ತವೆ. ಸಹಿ ಕಲಾವಿದರದ್ದೇ ಆಗಿರಬಹುದು, ಹಾಳೆ ಮಾತ್ರ ಸಾವಿರ ಪ್ರತಿಗಳಲ್ಲಿ ಒಂದಾಗಿರಬಹುದು.

ಹಾಗಾಗಿ ನೋಡಬೇಕಾದದ್ದು ಹೆಸರನ್ನಲ್ಲ, ಆ ಹೆಸರು ಮೇಲ್ಮೈಯ ಮೇಲೆ ಹೇಗೆ ಬಂದು ಕೂತಿದೆ ಎಂಬುದನ್ನು. ಇಲ್ಲಿ ಎರಡು ಪ್ರಶ್ನೆಗಳಿವೆ. ಸಹಿ ಕೈಯಿಂದ ಹಾಕಿದ್ದೇ? ಚಿತ್ರ ಕೈಯಿಂದ ಬರೆದದ್ದೇ? ಮೊದಲನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಎರಡನೆಯದಕ್ಕೂ ಹೌದು ಎಂದುಕೊಳ್ಳುವುದೇ ಇಲ್ಲಿ ಆಗುವ ಅತಿ ದೊಡ್ಡ ತಪ್ಪು. ಪ್ರಿಂಟ್ ಮೇಲೆ ಕೈಸಹಿ ಹಾಕುವುದು ಶತಮಾನಕ್ಕೂ ಹಳೆಯ ರೂಢಿ. ಆದ್ದರಿಂದ ಈ ಎರಡು ಪ್ರಶ್ನೆಗಳನ್ನು ಕೊನೆಯವರೆಗೂ ಬೇರೆಬೇರೆಯಾಗಿಯೇ ಇಟ್ಟುಕೊಳ್ಳಿ.

ಮೊದಲು ಫೋಟೋ ಸರಿ ಇರಬೇಕು

ಇಡೀ ಚಿತ್ರವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿದ ಫೋಟೋದಿಂದ ಈ ಕೆಲಸ ಆಗುವುದಿಲ್ಲ. ಯಾಕೆಂದು ಲೆಕ್ಕ ಹಾಕಿ ನೋಡೋಣ. ಪುಸ್ತಕ, ಪೋಸ್ಟರುಗಳಿಗೆ ಬಳಸುವ ಆಫ್‌ಸೆಟ್ ಮುದ್ರಣದಲ್ಲಿ ಬಣ್ಣವೆಲ್ಲ ಸಣ್ಣ ಸಣ್ಣ ಶಾಯಿ ಚುಕ್ಕಿಗಳಾಗಿ ಬೀಳುತ್ತದೆ, ಸಾಮಾನ್ಯವಾಗಿ ಒಂದು ಇಂಚಿಗೆ ಸುಮಾರು 150 ಸಾಲು ಚುಕ್ಕಿಗಳಿರುತ್ತವೆ. ಅಂದರೆ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಸುಮಾರು 0.17 ಮಿಲಿಮೀಟರ್ ಅಂತರ. ನಿಮ್ಮ ಫೋನಿನ ಫೋಟೋ 4000 ಪಿಕ್ಸೆಲ್ ಅಗಲ ಇದ್ದು, ಅದರಲ್ಲಿ 60 ಸೆಂಟಿಮೀಟರ್ ಅಗಲದ ಚಿತ್ರ ತುಂಬಿಕೊಂಡಿದ್ದರೆ, ಒಂದು ಮಿಲಿಮೀಟರಿಗೆ ಸಿಗುವುದು ಆರೇಳು ಪಿಕ್ಸೆಲ್. ಒಂದು ಚುಕ್ಕಿಯ ಪಾಲಿಗೆ ಬರುವುದು ಹೆಚ್ಚುಕಡಿಮೆ ಒಂದೇ ಪಿಕ್ಸೆಲ್. ಇಷ್ಟರಲ್ಲಿ ಚುಕ್ಕಿಗಳೆಲ್ಲ ಒಂದಕ್ಕೊಂದು ಬೆರೆತು ನಯವಾದ ಬಣ್ಣವಾಗಿ ಕಾಣುತ್ತವೆ. ಅಂಥ ಫೋಟೋ ನೋಡಿ "ಚುಕ್ಕಿಗಳಿಲ್ಲ, ಆದ್ದರಿಂದ ಕೈಯಿಂದ ಬರೆದದ್ದು" ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಅದೇ ಫೋನನ್ನು ಸಹಿಯ ಹತ್ತಿರ ತಂದು, ಚೌಕಟ್ಟಿನಲ್ಲಿ 14 ಸೆಂಟಿಮೀಟರ್ ಅಗಲವಷ್ಟೇ ಬರುವಂತೆ ಹಿಡಿದರೆ ಒಂದು ಚುಕ್ಕಿಗೆ ಐದು ಪಿಕ್ಸೆಲ್‌ನಷ್ಟು ಸಿಗುತ್ತದೆ. ಚುಕ್ಕಿ ಇದ್ದರೆ ಈಗ ಕಾಣತೊಡಗುತ್ತದೆ. 5 ಸೆಂಟಿಮೀಟರ್ ಅಗಲಕ್ಕೆ ಇಳಿಸಿದರೆ ಪ್ರತಿ ಚುಕ್ಕಿಗೆ 13 ಪಿಕ್ಸೆಲ್ ಬಂದು, ಅದರ ಆಕಾರ, ಬಣ್ಣ ಎಲ್ಲವೂ ಸ್ಪಷ್ಟವಾಗುತ್ತವೆ. ಬಹಳಷ್ಟು ಫೋನುಗಳು ಇಷ್ಟು ಹತ್ತಿರದಲ್ಲಿ ಫೋಕಸ್ ಮಾಡುವುದಿಲ್ಲ. ಆಗ ಹತ್ತು ಪಟ್ಟು ದೊಡ್ಡದು ಮಾಡುವ ಸಣ್ಣ ಭೂತಗನ್ನಡಿಯನ್ನು ಚಿತ್ರದ ಮೇಲೆ ಹಿಡಿದು, ಅದರ ಮೇಲೆ ಫೋನಿನ ಲೆನ್ಸ್ ಇಟ್ಟು ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟರೆ ಅಳತೆಯೂ ಗೊತ್ತಾಗುತ್ತದೆ.

ಬೇರೆಯವರ ಬಳಿ ಇರುವ ಚಿತ್ರವಾದರೆ ಅವರಿಂದ ಇಷ್ಟು ಫೋಟೋ ಕೇಳಿ: ಚೌಕಟ್ಟು ಸೇರಿ ಇಡೀ ಚಿತ್ರ, ಹಿಂಬದಿ, ಸಹಿಯ ಹತ್ತಿರದ ನೋಟ, ಮುದ್ರೆಯ ಹತ್ತಿರದ ನೋಟ. ಕೊನೆಯ ಎರಡನ್ನು ಎರಡೆರಡು ಸಲ ತೆಗೆಯಬೇಕು, ಒಮ್ಮೆ ಟಾರ್ಚನ್ನು ಎಡಗಡೆಯಿಂದ ಹಿಡಿದು, ಇನ್ನೊಮ್ಮೆ ಬಲಗಡೆಯಿಂದ. ಟಾರ್ಚು ಮೇಲ್ಮೈಗೆ ಬಹುತೇಕ ಒರಗಿರಬೇಕು, 10ರಿಂದ 15 ಡಿಗ್ರಿ ಓರೆ ಸಾಕು. ಕೋಣೆಯ ಉಳಿದ ದೀಪಗಳು ಆರಿರಲಿ, ಫೋನಿನ ಫ್ಲ್ಯಾಶ್ ಬೇಡ. ಎದುರಿನಿಂದ ಬೀಳುವ ಫ್ಲ್ಯಾಶ್ ನಮಗೆ ಬೇಕಾದ ಉಬ್ಬುತಗ್ಗುಗಳನ್ನೇ ಅಳಿಸಿಹಾಕುತ್ತದೆ. ಗಾಜು ಹಾಕಿದ ಚಿತ್ರವಾದರೆ ಗಾಜು ತೆಗೆದರೆ ಒಳ್ಳೆಯದು. ಆದರೆ ಪೇಸ್ಟಲ್ ಅಥವಾ ಇದ್ದಿಲಿನ ಚಿತ್ರ ಎಂಬ ಅನುಮಾನ ಇದ್ದರೆ ಗಾಜಿಗೆ ಕೈ ಹಾಕಬೇಡಿ, ಪುಡಿ ಉದುರಿ ಚಿತ್ರವೇ ಹಾಳಾಗುತ್ತದೆ.

ಮೆಸೇಜ್ ಆ್ಯಪ್‌ಗಳಲ್ಲಿ ಫೋಟೋ ಆಗಿ ಕಳಿಸಿದರೆ ಅವು ಗಾತ್ರ ಕುಗ್ಗಿಸಿಬಿಡುತ್ತವೆ. ಡಾಕ್ಯುಮೆಂಟ್ ಆಗಿ ಅಥವಾ ಇಮೇಲ್‌ನಲ್ಲಿ ಕಳಿಸಲು ಹೇಳಿ. ಕುಗ್ಗಿದ ಫೋಟೋದಲ್ಲಿ ಇನ್ನೊಂದು ಅಪಾಯವೂ ಇದೆ. ಜೆಪೆಗ್ ಕಡತ ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಮಾಡಿ ಉಳಿಸುತ್ತದೆ. ಹೆಚ್ಚು ಕುಗ್ಗಿದಾಗ ಸಹಿಯ ಗೆರೆಗಳ ಸುತ್ತ ಧೂಳಿನಂಥ ಕಲೆಗಳು ಏಳುತ್ತವೆ, ಅವನ್ನು ಮುದ್ರಣದ ಚುಕ್ಕಿಗಳೆಂದು ತಿಳಿದು ಒಳ್ಳೆಯ ಮೂಲಚಿತ್ರವನ್ನೇ ಪ್ರಿಂಟ್ ಎಂದವರಿದ್ದಾರೆ. ಅನುಮಾನ ಬಂದರೆ ಫೋನನ್ನು 20 ಡಿಗ್ರಿಯಷ್ಟು ತಿರುಗಿಸಿ ಮತ್ತೊಂದು ಫೋಟೋ ತೆಗೆಸಿ. ಮುದ್ರಣದ ಚುಕ್ಕಿಗಳ ಸಾಲು ಚಿತ್ರದ ಜೊತೆಗೇ ಓರೆಯಾಗುತ್ತದೆ. ಜೆಪೆಗ್ ಕಲೆಗಳು ಫೋಟೋದ ಅಂಚಿಗೆ ನೇರವಾಗಿಯೇ ಉಳಿಯುತ್ತವೆ.

ಚಿತ್ರದೊಳಗಿನ ಸಹಿ

ಈಗ ಸಹಿಗೆ ಬರೋಣ. ಚಿತ್ರದೊಳಗೆ, ಬಣ್ಣದ ಮೇಲೆ ಇರುವ ಸಹಿಯನ್ನು ನೋಡುವಾಗ ಒಂದು ಮಾತು ನೆನಪಿರಲಿ: ಕುಂಚದ ಗುಣವೆಲ್ಲ ಪ್ರಿಂಟ್‌ನಲ್ಲೂ ಕಾಣುತ್ತದೆ. ಅಕ್ಷರದ ಶುರುವಿನಲ್ಲಿ ದಟ್ಟವಾಗಿದ್ದು ಕೊನೆಗೆ ತೆಳುವಾಗುವ ಬಣ್ಣ, ಕೂದಲು ಸೀಳಿದ ಗುರುತು, ಜಲವರ್ಣ ಒಣಗುವಾಗ ಗೆರೆಯ ಅಂಚಿಗೆ ಸರಿದು ನಿಂತ ಗಾಢ ಬಣ್ಣ, ಇವೆಲ್ಲ ಮೂಲಚಿತ್ರದ ಫೋಟೋದಲ್ಲಿ ಬಂದೇ ಬರುತ್ತವೆ. ಆದ್ದರಿಂದ ಪ್ರಿಂಟ್‌ನಲ್ಲೂ ಬರುತ್ತವೆ. "ಬ್ರಶ್ ಗುರುತು ಚೆನ್ನಾಗಿ ಕಾಣುತ್ತಿದೆ" ಎನ್ನುವುದು ಸಾಕ್ಷಿಯೇ ಅಲ್ಲ. ಪ್ರಿಂಟ್‌ನಲ್ಲಿ ಬರಲಾರದ್ದು ಬಣ್ಣದ ದಪ್ಪ, ಅದರ ಹೊಳಪು, ಅದು ಬೆಳಕಿಗೆ ಸ್ಪಂದಿಸುವ ರೀತಿ.

ಎಡಬಲದಿಂದ ಟಾರ್ಚ್ ಹಿಡಿದು ತೆಗೆದ ಎರಡು ಫೋಟೋ ಇರುವುದು ಇದಕ್ಕೇ. ತೈಲವರ್ಣ ಅಥವಾ ಅಕ್ರಿಲಿಕ್‌ನಲ್ಲಿ ಕುಂಚ ಹಾಕಿದ ಸಹಿಗೆ ಎರಡೂ ಬದಿಯಲ್ಲಿ ಸಣ್ಣ ಏರಿ ಇರುತ್ತದೆ, ಕುಂಚ ಒತ್ತಿದಾಗ ಪಕ್ಕಕ್ಕೆ ಸರಿದ ಬಣ್ಣ ಅದು. ಬೆಳಕು ಎಡದಿಂದ ಬಂದಾಗ ಆ ಏರಿಯ ನೆರಳು ಬಲಕ್ಕೆ ಬೀಳುತ್ತದೆ, ಬಲದಿಂದ ಬಂದಾಗ ಎಡಕ್ಕೆ. ಪ್ರಿಂಟ್‌ನಲ್ಲೂ ಏರಿಯ ನೆರಳು ಕಾಣಬಹುದು, ಆದರೆ ಅದು ಮೂಲಚಿತ್ರದ ಫೋಟೋ ತೆಗೆದಾಗ ಬಿದ್ದ ನೆರಳು, ಶಾಯಿಯಲ್ಲಿ ಹೆಪ್ಪುಗಟ್ಟಿದ್ದು. ಟಾರ್ಚ್ ಎಲ್ಲಿಂದ ಹಿಡಿದರೂ ಅದು ಒಂದೇ ಕಡೆ ಉಳಿಯುತ್ತದೆ. ಎರಡು ಫೋಟೋಗಳನ್ನು ಒಂದರ ಮೇಲೊಂದು ತಟ್ಟನೆ ಬದಲಿಸುತ್ತಾ ನೋಡಿ, ನೆರಳು ಮಗ್ಗುಲು ಬದಲಿಸುತ್ತದೋ ಇಲ್ಲವೋ ಎಂಬುದು ಕ್ಷಣದಲ್ಲಿ ಗೊತ್ತಾಗುತ್ತದೆ. ಫೋಟೋ ನೋಡಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಭರವಸೆಯದ್ದು ಇನ್ನೊಂದಿಲ್ಲ.

ಇದನ್ನೂ ಮೀರುವ ಉಪಾಯವೊಂದಿದೆ. ಕ್ಯಾನ್ವಾಸ್ ಮೇಲೆ ಪ್ರಿಂಟ್ ತೆಗೆದು, ಅದರ ಮೇಲೆ ಪಾರದರ್ಶಕ ಜೆಲ್ ಅನ್ನು ಕುಂಚದಿಂದ ಬಳಿಯುತ್ತಾರೆ. ಆಗ ನಿಜವಾದ ಏರಿಗಳು ಏಳುತ್ತವೆ, ನೆರಳೂ ಮಗ್ಗುಲು ಬದಲಿಸುತ್ತದೆ. ಇಂಥಲ್ಲಿ ಏರಿ ಇದೆಯೇ ಎಂದು ಕೇಳಿದರೆ ಸಾಲದು, ಆ ಏರಿ ಅಕ್ಷರದ ದಾರಿಯಲ್ಲೇ ಹೋಗುತ್ತಿದೆಯೇ ಎಂದು ನೋಡಬೇಕು. ಕೈಯಿಂದ ಬರೆದ ಸಹಿಯಲ್ಲಿ ಅಕ್ಷರ ತಿರುಗಿದಲ್ಲಿ ಏರಿಯೂ ತಿರುಗುತ್ತದೆ, ಬಣ್ಣ ಮುಗಿದಲ್ಲಿ ಏರಿಯೂ ಮುಗಿಯುತ್ತದೆ. ಜೆಲ್ ಬಳಿದದ್ದರಲ್ಲಿ ಅಗಲವಾದ ಗೆರೆಗಳು ಸಹಿಯ ಮೇಲಿಂದ ಅಡ್ಡಾದಿಡ್ಡಿ ಹಾದುಹೋಗುತ್ತವೆ, ಕೆಳಗೆ ಅಕ್ಷರ ಇದೆ ಎಂಬುದೇ ಅವಕ್ಕೆ ಗೊತ್ತಿರುವುದಿಲ್ಲ.

ಜಲವರ್ಣದಲ್ಲಿ ಏರಿ ಇರುವುದಿಲ್ಲ, ಬಣ್ಣ ಕಾಗದದೊಳಕ್ಕೆ ಇಳಿದಿರುತ್ತದೆ. ಅಲ್ಲಿ ಚುಕ್ಕಿಗಳನ್ನೇ ನಂಬಬೇಕು. ಕಂದು ಬಣ್ಣದ ಸಹಿಯನ್ನು ಕಲಾವಿದ ಬರೆದಿದ್ದರೆ ಅದು ಎಷ್ಟು ದೊಡ್ಡದು ಮಾಡಿದರೂ ಕಂದೇ. ಆಫ್‌ಸೆಟ್ ಪ್ರಿಂಟ್‌ಗೆ ಕಂದು ಎಂಬ ಶಾಯಿ ಇರುವುದಿಲ್ಲ. ಅದು ಹಳದಿ, ಮಜೆಂಟಾ, ಸಯಾನ್, ಕಪ್ಪು ಎಂಬ ನಾಲ್ಕು ಶಾಯಿಗಳ ಚುಕ್ಕಿಗಳನ್ನು ಹತ್ತಿರ ಹತ್ತಿರ ಇಟ್ಟು ಕಣ್ಣಿಗೆ ಕಂದು ಎನಿಸುವಂತೆ ಮಾಡುತ್ತದೆ. ನಾಲ್ಕು ಬಣ್ಣದ ಚುಕ್ಕಿಸಾಲುಗಳನ್ನು ಬೇರೆಬೇರೆ ಓರೆಯಲ್ಲಿ ಇಡುವುದರಿಂದ ಅವು ಸೇರಿ ಪುಟ್ಟ ಪುಟ್ಟ ಹೂವಿನಂಥ ಸುತ್ತುಗಳಾಗುತ್ತವೆ. ಸಹಿಯ ಅಂಚನ್ನೂ ನೋಡಿ: ಕೈಬರಹದಲ್ಲಿ ಗೆರೆಯ ಅಂಚು ಕಾಗದದ ನಾರಿಗೆ ತಕ್ಕಂತೆ ಹರಡಿರುತ್ತದೆ, ಆಫ್‌ಸೆಟ್‌ನಲ್ಲಿ ಅಂಚೇ ಚುಕ್ಕಿಗಳಿಂದ ಆಗಿರುತ್ತದೆ. ಸಹಿಯ ಒಳಗಿನ ಚುಕ್ಕಿಸಾಲು ಹಿನ್ನೆಲೆಯ ಆಕಾಶದೊಳಕ್ಕೂ ತಡೆಯಿಲ್ಲದೆ ಮುಂದುವರಿದಿದ್ದರೆ ಸಹಿಯೂ ಚಿತ್ರವೂ ಒಂದೇ ಯಂತ್ರದಲ್ಲಿ, ಒಂದೇ ಹೊತ್ತಿನಲ್ಲಿ ಬಂದವು ಎಂದರ್ಥ.

ಅಂಚಿನ ಪೆನ್ಸಿಲ್ ಸಹಿ

ಚಿತ್ರದ ಕೆಳಗೆ ಬಿಳಿ ಅಂಚಿನಲ್ಲಿ ಪೆನ್ಸಿಲ್ ಸಹಿ ಇದ್ದರೆ ಅದೇ ಒಂದು ಸೂಚನೆ. ಜಲವರ್ಣ ಅಥವಾ ತೈಲಚಿತ್ರ ಬರೆಯುವವರು ಸಾಮಾನ್ಯವಾಗಿ ಚಿತ್ರದೊಳಗೇ ಸಹಿ ಹಾಕುತ್ತಾರೆ. ಅಂಚಿನಲ್ಲಿ ಪೆನ್ಸಿಲಿನಿಂದ ಹಾಕುವುದು ಪ್ರತಿಗಳಿಗೆ ಬೆಳೆದ ಪದ್ಧತಿ. ಪಕ್ಕದಲ್ಲಿ 45/250 ಎಂದಿದ್ದರೆ 250 ಪ್ರತಿಗಳಲ್ಲಿ ಇದು 45ನೆಯದು ಎಂದು ಅರ್ಥ. ಎ.ಪಿ. ಅಥವಾ ಇ.ಎ. ಎಂದಿದ್ದರೆ ಆ ಎಣಿಕೆಯ ಹೊರಗೆ ಕಲಾವಿದರಿಗೆಂದು ತೆಗೆದ ಪ್ರತಿ. ಅಂದರೆ ಇಂಥ ಸಂಖ್ಯೆ ಕಂಡಾಗಲೇ "ಒಂದೇ ಒಂದು ಚಿತ್ರ" ಎಂಬ ಮಾತು ಬಿದ್ದುಹೋಗುತ್ತದೆ.

ಹಾಗೆಂದು ಎಲ್ಲ ಪ್ರತಿಯೂ ನಕಲೆನ್ನಲಾಗದು. ಎಚ್ಚಿಂಗ್, ಲಿಥೋಗ್ರಾಫ್, ಮರದಚ್ಚು ಮುಂತಾದವುಗಳಲ್ಲಿ ಕಲಾವಿದರು ತಗಡು, ಕಲ್ಲು ಅಥವಾ ಹಲಗೆಯ ಮೇಲೆಯೇ ಚಿತ್ರ ರೂಪಿಸುತ್ತಾರೆ, ಆ ಚಿತ್ರಕ್ಕೆ ಬೇರೊಂದು ಮೂಲ ಇರುವುದೇ ಇಲ್ಲ. ಅಚ್ಚಾದ ಹಾಳೆಯೇ ಮೂಲಕೃತಿ. ಎಚ್ಚಿಂಗ್ ಆದರೆ ಟಾರ್ಚಿನ ಓರೆ ಬೆಳಕಿನಲ್ಲಿ ಚಿತ್ರದ ಸುತ್ತ ತಗಡಿನ ಅಂಚು ಕಾಗದವನ್ನು ಒತ್ತಿದ ತಗ್ಗು ಕಾಣುತ್ತದೆ, ಗೆರೆಗಳು ಗಟ್ಟಿ ಶಾಯಿಯಲ್ಲಿರುತ್ತವೆ, ಚುಕ್ಕಿಗಳ ಸಾಲು ಇರುವುದಿಲ್ಲ. ತಗ್ಗೂ ಇದ್ದು ಅದರೊಳಗೆ ಆಫ್‌ಸೆಟ್ ಚುಕ್ಕಿಗಳೂ ಇದ್ದರೆ, ಆ ತಗ್ಗನ್ನು ತೋರಿಕೆಗೆಂದು ಒತ್ತಲಾಗಿದೆ.

ಪೆನ್ಸಿಲ್ ಸಹಿ ನಿಜಕ್ಕೂ ಪೆನ್ಸಿಲಿನದ್ದೇ ಎಂದು ತಿಳಿಯುವುದು ಕಷ್ಟವಲ್ಲ. ಸೀಸದ ಗೆರೆ ಓರೆ ಬೆಳಕಿನಲ್ಲಿ ಬೆಳ್ಳಗೆ ಮಿನುಗುತ್ತದೆ, ಟಾರ್ಚ್ ಸರಿಸಿದಾಗ ಮಿನುಗುವ ಜಾಗವೂ ಸರಿಯುತ್ತದೆ. ಹತ್ತಿರದಿಂದ ನೋಡಿದರೆ ಸೀಸ ಕಾಗದದ ಉಬ್ಬುಗಳಿಗೆ ಮಾತ್ರ ಅಂಟಿ ತಗ್ಗುಗಳನ್ನು ಬಿಟ್ಟಿರುತ್ತದೆ. ಕೈ ಒತ್ತಿದಲ್ಲಿ ಕಾಗದ ಸ್ವಲ್ಪ ಕುಳಿಬಿದ್ದಿರುತ್ತದೆ. ಅಚ್ಚಾದ ಪೆನ್ಸಿಲ್ ಸಹಿಗೆ ಮಿನುಗಿಲ್ಲ, ಕುಳಿಯಿಲ್ಲ, ಬೂದುಬಣ್ಣವೆಲ್ಲ ಸಣ್ಣ ಕಪ್ಪು ಚುಕ್ಕಿಗಳಾಗಿ ಒಡೆಯುತ್ತದೆ.

ಸಹಿ ಕೈಯಿಂದ ಹಾಕಿದ್ದೇ ಎಂದು ಖಚಿತವಾದರೂ ಅದರಿಂದ ಚಿತ್ರದ ಬಗ್ಗೆ ಏನೂ ಸಾಬೀತಾಗುವುದಿಲ್ಲ. ಇದಕ್ಕೆ ಸ್ಪೇನಿನ ಚಿತ್ರಕಾರ ಸಾಲ್ವಡೋರ್ ದಾಲಿಯ ಪ್ರಸಂಗಕ್ಕಿಂತ ದೊಡ್ಡ ಉದಾಹರಣೆ ಬೇಡ. 1974ರಲ್ಲಿ ಫ್ರಾನ್ಸಿನ ಕಸ್ಟಮ್ಸ್ ಅಧಿಕಾರಿಗಳು ತಡೆದ ಒಂದು ಲಾರಿಯಲ್ಲಿ ದಾಲಿ ಸಹಿ ಹಾಕಿದ ಸುಮಾರು 40,000 ಖಾಲಿ ಹಾಳೆಗಳಿದ್ದವು. ಸಹಿ ಮೊದಲು ಬಂದು ಚಿತ್ರ ಆಮೇಲೆ ಬರುವ ಹಾಳೆಗಳವು. ಅಂಥ ಹಾಳೆಯ ಮೇಲೆ ಸಹಿ ಎಷ್ಟೇ ಅಸಲಿಯಾಗಿದ್ದರೂ ಮೇಲೆ ಏನು ಅಚ್ಚಾಗಿದೆ ಎಂಬುದಕ್ಕೆ ಆ ಸಹಿ ಜವಾಬು ಹೇಳುವುದಿಲ್ಲ.

ಮುದ್ರೆ ಎಂದರೆ ಒಂದೇ ಬಗೆಯಲ್ಲ

ಮುದ್ರೆ ಕಂಡಾಗ ಮೊದಲು ಕೇಳಬೇಕಾದದ್ದು ಅದು ಯಾರ ಪರವಾಗಿ ಬಿದ್ದದ್ದು ಎಂದು. ಕಲಾವಿದರದ್ದಿರಬಹುದು, ಅವರು ತೀರಿಕೊಂಡ ಮೇಲೆ ವಾರಸುದಾರರು ಹಾಕಿದ್ದಿರಬಹುದು, ಪ್ರಕಾಶಕರದ್ದು, ಸಂಗ್ರಾಹಕರದ್ದು, ಕೊನೆಗೆ ಕ್ಯಾನ್ವಾಸ್ ಮಾರಿದ ಅಂಗಡಿಯದ್ದೂ ಇರಬಹುದು.

ಶಾಯಿಯಿಲ್ಲದ ಉಬ್ಬುಮುದ್ರೆ ಹೆಚ್ಚಾಗಿ ಪ್ರಿಂಟ್‌ನ ಗುರುತು. ಎದುರಿನಿಂದ ತೆಗೆದ ಫೋಟೋದಲ್ಲಿ ಅದು ಸರಿಯಾಗಿ ಕಾಣುವುದಿಲ್ಲ, ಓರೆ ಬೆಳಕಿನಲ್ಲಿ ಮಾತ್ರ ಬಿಳಿ ಅಂಚಿನ ಮೇಲೆ ವೃತ್ತವೋ ಅಕ್ಷರಗಳೋ ಎದ್ದು ಬರುತ್ತವೆ. 1847ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಪ್ರಿಂಟ್‌ಸೆಲ್ಲರ್ಸ್ ಅಸೋಸಿಯೇಷನ್ ಘೋಷಿಸಿದ ಸಂಖ್ಯೆಗಿಂತ ಹೆಚ್ಚು ಪ್ರತಿಗಳು ಮಾರಾಟವಾಗದಂತೆ ನೋಡಿಕೊಳ್ಳಲು ಹಾಳೆಗಳಿಗೆ ಇಂಥ ಮುದ್ರೆ ಒತ್ತುತ್ತಿತ್ತು, ಒಳಗೆ ಮೂರಕ್ಷರದ ಗುರುತು ಇರುತ್ತಿತ್ತು. ಮುಂದೆ ಫೈನ್ ಆರ್ಟ್ ಟ್ರೇಡ್ ಗಿಲ್ಡ್ ಈ ಪದ್ಧತಿಯನ್ನು ಮುಂದುವರಿಸಿತು. ಇಂಗ್ಲೆಂಡಿನ ಎಲ್. ಎಸ್. ಲೌರಿಯವರ ಚಿತ್ರಗಳ ಅನೇಕ ಪ್ರಿಂಟ್‌ಗಳಲ್ಲಿ ಒಂದು ಕಡೆ ಅವರ ಕೈಸಹಿ, ಇನ್ನೊಂದು ಕಡೆ ಗಿಲ್ಡ್‌ನ ಉಬ್ಬುಮುದ್ರೆ ಕಾಣುತ್ತವೆ. ಮುದ್ರೆ ಗಂಭೀರವಾಗಿ, ಸರ್ಕಾರಿ ಕಾಗದದಂತೆ ಕಾಣುವುದರಿಂದ ಜನ ಅದನ್ನು ಮೂಲಚಿತ್ರದ ಪ್ರಮಾಣಪತ್ರ ಎಂದುಕೊಳ್ಳುತ್ತಾರೆ. ಅದು ಹೇಳುತ್ತಿರುವುದು ನೇರ ಉಲ್ಟಾ: ಇದು ಎಣಿಸಿಟ್ಟ ಪ್ರತಿಗಳಲ್ಲಿ ಒಂದು ಎಂದು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯನ್ನೂ ತಿಳಿದಿರಬೇಕು. ಫ್ರಾನ್ಸಿನ ಚಿತ್ರಕಾರ ಎಡ್ಗಾರ್ ದೆಗಾ 1917ರಲ್ಲಿ ತೀರಿಕೊಂಡಾಗ ಅವರ ಸ್ಟುಡಿಯೋದಲ್ಲಿ ಸಹಿಯಿಲ್ಲದ ನೂರಾರು ಕೃತಿಗಳು ಉಳಿದಿದ್ದವು. 1918 ಮತ್ತು 1919ರಲ್ಲಿ ಅವನ್ನು ಹರಾಜು ಹಾಕುವಾಗ ಅವರ ಸಹಿಯನ್ನೇ ಹೋಲುವ ಕೆಂಪು ಮುದ್ರೆಯನ್ನು ಒತ್ತಲಾಯಿತು. ಅಲ್ಲಿ ಸಹಿ ಕೈಬರಹವಲ್ಲ, ಮುದ್ರೆ. ಆದರೂ ಕೆಳಗಿನ ಚಿತ್ರ ದೆಗಾ ಕೈಯದ್ದೇ. "ಸಹಿ ರಬ್ಬರ್ ಸ್ಟ್ಯಾಂಪಿನಂತಿದೆ, ಆದ್ದರಿಂದ ನಕಲು" ಎಂದು ತಳ್ಳಿಹಾಕುವ ಮುಂಚೆ ಇದನ್ನು ನೆನೆಯಬೇಕು. ಇಂಥ ಮುದ್ರೆಗಳನ್ನೂ ಸಂಗ್ರಾಹಕರ ಗುರುತುಗಳನ್ನೂ ಗುರುತಿಸಲು ಫ್ರಿಟ್ಸ್ ಲುಗ್ಟ್ 1921ರಲ್ಲಿ ಹೊರತಂದ ಕೋಶವೇ ಇಂದಿಗೂ ಆಧಾರ, ಈಗ ಅದು ಇಂಟರ್ನೆಟ್‌ನಲ್ಲಿ ಹುಡುಕಲು ಸಿಗುತ್ತದೆ. ಮುದ್ರೆಯ ಆಕಾರ, ಒಳಗಿನ ಅಕ್ಷರ, ಮಿಲಿಮೀಟರ್ ಅಳತೆ ಇದ್ದರೆ ಹುಡುಕಾಟ ಸುಲಭ. ಸ್ಕೇಲ್ ಇಟ್ಟು ಫೋಟೋ ತೆಗೆಯಲು ಹೇಳಿದ್ದು ಇದಕ್ಕೂ ಸೇರಿಯೇ.

ಶಾಯಿಯ ಮುದ್ರೆ ಕೈಯಿಂದ ಒತ್ತಿದ್ದೋ ಚಿತ್ರದ ಜೊತೆ ಅಚ್ಚಾದದ್ದೋ ಎಂದು ನೋಡುವಾಗ ಅದರ ಅಂಚಿಗೆ ಗಮನ ಕೊಡಿ. ಒತ್ತಿದಾಗ ಶಾಯಿ ಹಿಸುಕಿ ಹೊರಗೆ ಸರಿಯುವುದರಿಂದ ಗೆರೆಯ ಅಂಚು ದಟ್ಟ, ನಡು ತುಸು ತೆಳು. ಒಂದು ಮಗ್ಗುಲು ಹೆಚ್ಚು ಒತ್ತಿ ಇನ್ನೊಂದು ಮಗ್ಗುಲು ಮಾಸಿರುವುದೂ ಸಾಮಾನ್ಯ. ಚೀನಾ, ಜಪಾನಿನ ಚಿತ್ರಗಳ ಕೆಂಪು ಮುದ್ರೆಯಾದರೆ ಬಳಸುವುದು ದಪ್ಪನೆಯ ಎಣ್ಣೆಮಿಶ್ರಿತ ಕೆಂಪು ಲೇಪ. ಅದು ಕಾಗದದ ಮೇಲೆ ತುಸು ಉಬ್ಬಿ ನಿಲ್ಲುತ್ತದೆ, ಕೆಳಗಿನ ಕಪ್ಪು ಶಾಯಿಯ ಗೆರೆಯನ್ನು ದಾಟುವಲ್ಲಿ ಮೇಲೆ ಕೂತಿರುವುದು ಕಾಣುತ್ತದೆ. ಆಫ್‌ಸೆಟ್‌ನಲ್ಲಿ ಅದೇ ಕೆಂಪು ಹಳದಿ ಮತ್ತು ಮಜೆಂಟಾ ಚುಕ್ಕಿಗಳಾಗಿ ಬಿಡಿಸಿಕೊಳ್ಳುತ್ತದೆ. ಆದರೆ ಪ್ರಿಂಟ್ ಮೇಲೆ ನಿಜವಾದ ಲೇಪದ ಮುದ್ರೆ ಒತ್ತಲು ಯಾರಿಗೂ ಕಷ್ಟವಿಲ್ಲ. ಆದ್ದರಿಂದ ಮುದ್ರೆಯನ್ನು ಪರೀಕ್ಷಿಸಿದ ಮೇಲೆ ಚಿತ್ರದ ಕಪ್ಪು ಗೆರೆಯನ್ನು ಬೇರೆಯಾಗಿ ಪರೀಕ್ಷಿಸಲೇಬೇಕು. ಹಿಂಬದಿಯ ಕ್ಯಾನ್ವಾಸ್ ವ್ಯಾಪಾರಿಯ ಮುದ್ರೆ ಬಟ್ಟೆಯ ವಯಸ್ಸನ್ನು ಹೇಳಬಲ್ಲದು, ಅದರಾಚೆ ಏನನ್ನೂ ಹೇಳದು.

ಚುಕ್ಕಿ ಕಾಣದಿದ್ದರೆ

ಚುಕ್ಕಿಗಳ ಹೂವು ಕಂಡರೆ ಪ್ರಿಂಟ್ ಎನ್ನಬಹುದು. ಕಾಣದಿದ್ದರೆ ಮೂಲ ಎನ್ನಲಾಗದು. ಹತ್ತೊಂಬತ್ತನೇ ಶತಮಾನದ ಬಣ್ಣದ ಲಿಥೋಗಳಲ್ಲಿ ಸಾಲುಸಾಲಾದ ಚುಕ್ಕಿಗಳಿಲ್ಲ, ಕೈಯಿಂದ ಇಟ್ಟ ಅಂಕುಡೊಂಕು ಚುಕ್ಕಿಗಳಿರುತ್ತವೆ. ಅವುಗಳಲ್ಲೇ ಕೆಲವಕ್ಕೆ ಕ್ಯಾನ್ವಾಸಿನ ನೇಯ್ಗೆಯನ್ನು ಒತ್ತಿ ವಾರ್ನಿಷ್ ಬಳಿದು ತೈಲಚಿತ್ರದಂತೆ ಕಾಣಿಸುತ್ತಿದ್ದರು, ಓಲಿಯೋಗ್ರಾಫ್ ಎನ್ನುವುದು ಅದನ್ನೇ. ಕೊಲೊಟೈಪ್ ಎಂಬ ಹಳೆಯ ಮುದ್ರಣ ವಿಧಾನದಲ್ಲಿ ಹುಳುವಿನಂತೆ ಸುರುಳಿಸುತ್ತಿದ ಸೂಕ್ಷ್ಮ ಕಣಗಳಷ್ಟೇ. ಈಗಿನ ಇಂಕ್‌ಜೆಟ್ ಪ್ರಿಂಟ್‌ಗಳಲ್ಲಿ ಚುಕ್ಕಿಗಳು ತೀರಾ ಸಣ್ಣವು, ಕ್ರಮವಿಲ್ಲದೆ ಎರಚಿದಂತಿರುತ್ತವೆ, ಭೂತಗನ್ನಡಿ ಇಲ್ಲದ ಫೋಟೋದಲ್ಲಿ ಸಿಗುವುದಿಲ್ಲ. ಅವನ್ನು ಹುಡುಕಲು ಸಹಿಯ ಗಾಢ ಗೆರೆಗಿಂತ ತಿಳಿ ಬಣ್ಣದ ಜಾಗ ಒಳ್ಳೆಯದು: ತಿಳಿ ಆಕಾಶದಲ್ಲಿ, ಕೆನ್ನೆಯ ಬಿಳುಪಿನಲ್ಲಿ ಚುಕ್ಕಿಗಳು ದೂರದೂರ ಬಿದ್ದು ಬಿಡಿಬಿಡಿಯಾಗಿ ಕಾಣುತ್ತವೆ.

ಒಂದು ಚಿತ್ರವನ್ನು ಹೀಗೆ ಓದಬಹುದು

ನದಿದಂಡೆಯ ದೋಣಿಗಳ ಚಿತ್ರವೊಂದು ಬಂದಿದೆ ಎಂದುಕೊಳ್ಳಿ. ಗಾಜು ಹಾಕಿದೆ, ಸುತ್ತ ಕೆನೆಬಣ್ಣದ ಮೌಂಟ್ ರಟ್ಟಿದೆ. ಕಾಣುವ ಚಿತ್ರ 42×30 ಸೆಂಟಿಮೀಟರ್. ಬಲಗಡೆ ಕೆಳಗೆ, ನೀರಿನ ಮೇಲೆ ಕಂದುಬಣ್ಣದ ಸಹಿ. ಅದರ ಕೆಳಗೆ ಬಿಳಿ ಅಂಚಿನಲ್ಲಿ ಅದೇ ಹೆಸರು ಪೆನ್ಸಿಲಿನಲ್ಲಿ. ಎಡ ಅಂಚಿನಲ್ಲಿ ಏನೋ ದುಂಡಗೆ ಮಸುಕು ಮಸುಕು. ಮಾರುವವರು "ಸಹಿಯಿರುವ ಮೂಲ ಜಲವರ್ಣ" ಎಂದಿದ್ದಾರೆ.

ಒಂದೇ ಹೆಸರು ಎರಡು ಕಡೆ ಇರುವುದೇ ಮೊದಲ ಎಚ್ಚರಿಕೆ. ಚಿತ್ರಕ್ಕೆ ಒಮ್ಮೆ ಸಹಿ ಹಾಕಿದ ಕಲಾವಿದರು ಅದೇ ಹಾಳೆಗೆ ಮತ್ತೊಮ್ಮೆ ಯಾಕೆ ಹಾಕುತ್ತಾರೆ? ಮೊದಲ ಸಹಿ ಮೂಲಚಿತ್ರದ ಜೊತೆ ಅಚ್ಚಾಗಿ ಬಂದದ್ದು, ಎರಡನೆಯದನ್ನು ಪ್ರತಿಗೆಂದು ಹಾಕಿದ್ದು ಎಂಬುದು ಎಲ್ಲಕ್ಕಿಂತ ಸರಳ ವಿವರಣೆ. ಆದರೆ ಇದು ಇನ್ನೂ ಊಹೆ. ಇಡೀ ಚಿತ್ರದ ಫೋಟೋದಲ್ಲಿ ನೀರಿನ ಮೇಲೆ ಬಳ್ಳಿಬಳ್ಳಿಯಾದ ಪಟ್ಟೆಗಳು ಕಾಣುತ್ತಿವೆ, ದೊಡ್ಡದು ಚಿಕ್ಕದು ಮಾಡಿದಾಗ ಅವು ಆಕಾರ ಬದಲಿಸುತ್ತಿವೆ. ಚುಕ್ಕಿಸಾಲು ಮತ್ತು ಪಿಕ್ಸೆಲ್‌ಸಾಲು ಒಂದರ ಮೇಲೊಂದು ಬಿದ್ದಾಗ ಹೀಗಾಗುತ್ತದೆ. ಅನುಮಾನ ಗಟ್ಟಿಯಾಗಲು ಇದು ಸಾಕು, ತೀರ್ಮಾನಕ್ಕೆ ಸಾಲದು, ಏಕೆಂದರೆ ನೇಯ್ಗೆಯಂಥ ಮೇಲ್ಮೈಯಲ್ಲೂ ಇಂಥ ಪಟ್ಟೆ ಏಳುತ್ತದೆ.

ಗಾಜು ತೆಗೆಸಿ, ಸಹಿಯ ಹತ್ತಿರದ ಫೋಟೋ ತರಿಸಿದಾಗ ಕಂದು ಅಕ್ಷರಗಳು ಹಳದಿ, ಕೆನ್ನೇರಳೆ, ನೀಲಿ ಚುಕ್ಕಿಗಳಾಗಿ ಒಡೆದವು. ಅದಕ್ಕಿಂತಲೂ ಗಮನಿಸಬೇಕಾದ ಜಾಗ ದೋಣಿಯ ಪಕ್ಕದ ಬಿಳಿ ಬೆಳಕು. ಜಲವರ್ಣದಲ್ಲಿ ಬಿಳಿ ಎಂದರೆ ಬಣ್ಣ ಮುಟ್ಟದ ಕಾಗದ, ಅಲ್ಲಿ ಏನೂ ಇರಬಾರದು. ಇಲ್ಲಿ ಆ ಬಿಳಿಯಲ್ಲೂ ವಿರಳವಾಗಿ ಹಳದಿ ಚುಕ್ಕಿಗಳಿವೆ, ಮೂಲಚಿತ್ರದ ಕಾಗದದ ಹಳದಿ ಛಾಯೆಯನ್ನು ಯಂತ್ರ ಬಣ್ಣವಾಗಿ ಅಚ್ಚು ಹಾಕಿದೆ. ಆ ಛಾಯೆ ಚಿತ್ರದ ಅಂಚಿಗೆ ಬಂದು ಸ್ಕೇಲ್ ಇಟ್ಟು ಕತ್ತರಿಸಿದಂತೆ ನಿಂತಿದೆ, ಅದರಾಚೆಗಿನ ಅಂಚಿನ ಕಾಗದ ಬೇರೆಯೇ ಬಿಳುಪಿನದ್ದು.

ಪೆನ್ಸಿಲ್ ಸಹಿ ಓರೆ ಬೆಳಕಿನಲ್ಲಿ ಮಿನುಗಿತು, ಟಾರ್ಚಿನ ಮಗ್ಗುಲು ಬದಲಾದಾಗ ಮಿನುಗೂ ಬದಲಾಯಿತು, ಚುಕ್ಕಿಗಳು ಸಿಗಲಿಲ್ಲ. ಅದು ಕೈಸಹಿ. ಎಡಗಡೆಯ ಮಸುಕು 15 ಮಿಲಿಮೀಟರ್ ಅಡ್ಡಳತೆಯ ಉಬ್ಬುಮುದ್ರೆ, ಒಳಗೆ ಮೂರು ಅಕ್ಷರಗಳು. ಪ್ರತಿಸಂಖ್ಯೆ ಎಲ್ಲೂ ಕಾಣಲಿಲ್ಲ, ಆದರೆ ಮೌಂಟ್ ರಟ್ಟು ಅಂಚಿನ ಸ್ವಲ್ಪ ಭಾಗವನ್ನು ಮುಚ್ಚಿದೆ. ಪ್ರಕಾಶಕರ ಹೆಸರು, © ಗುರುತಿನ ಸಾಲು, ಮುದ್ರಣಾಲಯದ ಹೆಸರು ಇವೆಲ್ಲ ಸಾಮಾನ್ಯವಾಗಿ ಅವಿತಿರುವುದು ಅಲ್ಲೇ. ಆದ್ದರಿಂದ ರಟ್ಟನ್ನು ಎತ್ತಿಸಿ ಅಂಚು ಪೂರ್ತಿ ನೋಡುವವರೆಗೆ ಕಡತ ಮುಚ್ಚಬಾರದು.

ಇಷ್ಟಾದ ಮೇಲೆ ಬರೆಯಬಹುದಾದ ವಾಕ್ಯ ಹೀಗೆ: "ಜಲವರ್ಣ ಚಿತ್ರವೊಂದರ ಆಫ್‌ಸೆಟ್ ಪ್ರಿಂಟ್. ಚಿತ್ರದೊಳಗಿನ ಸಹಿ ಅಚ್ಚಾದದ್ದು. ಅಂಚಿನಲ್ಲಿ ಪೆನ್ಸಿಲಿನ ಕೈಸಹಿ, ಎಡಕ್ಕೆ ಮೂರಕ್ಷರದ ಉಬ್ಬುಮುದ್ರೆ. ಅಂಚು ಪೂರ್ತಿ ನೋಡಿಲ್ಲ." ಪೆನ್ಸಿಲ್ ಸಹಿ ಆ ಕಲಾವಿದರದ್ದೇ ಎಂದು ಇಲ್ಲಿ ಬರೆದಿಲ್ಲ, ಬರೆಯಲೂಬಾರದು. ಕೈಯಿಂದ ಹಾಕಿದ್ದು ಎಂಬುದಷ್ಟನ್ನೇ ಫೋಟೋ ತೋರಿಸುತ್ತದೆ, ಯಾರ ಕೈ ಎಂಬುದಕ್ಕೆ ಆ ಕಲಾವಿದರು ಅದೇ ಕಾಲದಲ್ಲಿ ಹಾಕಿದ ಖಚಿತ ಸಹಿಗಳ ಜೊತೆ ಹೋಲಿಸಬೇಕು, ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಪ್ರಿಂಟ್‌ಗೆ ಸಹಿ ಬಿದ್ದರೆ ಬೆಲೆ ಏರುವುದರಿಂದ, ಸಹಿಯಿಲ್ಲದ ಅಸಲಿ ಪ್ರಿಂಟ್ ಮೇಲೆ ಆಮೇಲೆ ಯಾರೋ ಪೆನ್ಸಿಲಿನಲ್ಲಿ ಹೆಸರು ಬರೆದಿರುವ ಸಾಧ್ಯತೆ ಯಾವಾಗಲೂ ಇರುತ್ತದೆ. ಅದರಲ್ಲೂ ಉಬ್ಬುಮುದ್ರೆ, ಪ್ರತಿಸಂಖ್ಯೆ ಎರಡೂ ಇಲ್ಲದೆ ಪೆನ್ಸಿಲ್ ಸಹಿ ಮಾತ್ರ ಇದ್ದರೆ ಆ ಹೋಲಿಕೆ ಮುಗಿಯುವ ಮುಂಚೆ ಕೈಸಹಿಯ ಪ್ರಿಂಟ್ ಎಂಬ ಬೆಲೆ ಕೊಡಬೇಡಿ.